ಅಪ್‌ಡೇಟ್: ಬೇಕರಿಗೆ ಕೊಟ್ಟ ತಿಂಗಳ ಪ್ಯಾಕೇಜ್ ಪ್ರಪೋಸಲ್

ನಾನು ಕೇಳಿದ್ದು: "ನಮ್ಮೂರಿನ ಬೇಕರಿಗೆ ಪೋಸ್ಟ್‌ಗಳು ತಾವಾಗಿ ಹೋಗುವ ಹಾಗೆ ಮಾಡಿ, ತಿಂಗಳಿಗೊಂದು ರಿಪೋರ್ಟ್ ಕೊಡುವ ಪ್ರಪೋಸಲ್ ಬರೆಯಬೇಕು. ಏನೇನು ಇರಬೇಕು?"

ಬೇಕರಿ ಯಜಮಾನರು ಒಪ್ಪಿದರು. ಆದರೆ ರಿಪೋರ್ಟ್ ಭಾಗ ಪೂರ್ತಿ ಬದಲಾಯಿತು. ರೀಚ್, ಲೈಕ್ ಅಂತ ತೋರಿಸಿದ್ದಕ್ಕೆ "ಅದರಿಂದ ಕೇಕ್ ಹೋಗುತ್ತೇನಪ್ಪಾ?" ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ? ಈಗ ರಿಪೋರ್ಟ್ ಒಂದೇ ಪುಟ. ಗೂಗಲ್ ಸರ್ಚ್, ಮ್ಯಾಪ್‌ನಲ್ಲಿ ಕಾಣುವ ಬೇಕರಿಯ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಿಂದ ಎಷ್ಟು ಜನ ಕಾಲ್ ಬಟನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅನ್ನೋದು ಮಾತ್ರ. ಬಟನ್ ಒತ್ತಿದವರೆಲ್ಲ ಆರ್ಡರ್ ಕೊಟ್ಟರು ಅಂತಲ್ಲ. ಹಾಗಾಗಿ ಕೇಕ್ ಆರ್ಡರ್ ಪುಸ್ತಕದಲ್ಲಿ "ಎಲ್ಲಿ ನೋಡಿ ಬಂದ್ರಿ?" ಅಂತ ಒಂದು ಕಾಲಂ ಸೇರಿಸಿದೆವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಿಜ ಗೊತ್ತಾಗುತ್ತದೆ.

ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್ ಶೆಡ್ಯೂಲ್ ಮಾಡೋದು ಪುಕ್ಕಟೆ. ಅದನ್ನು ಮೊದಲೇ ಹೇಳಿದೆ. ದುಡ್ಡು ಫೋಟೋ, ಬರಹ ಮತ್ತು ರಿಪೋರ್ಟ್‌ಗೆ ಮಾತ್ರ.

ಇನ್ನೊಂದು ಷರತ್ತು ಅವರೇ ಹಾಕಿದ್ದು. ಬರ್ತ್‌ಡೇ ಕೇಕ್ ಬುಕಿಂಗ್‌ನಂಥ ಪೋಸ್ಟ್ ಮೊದಲೇ ಶೆಡ್ಯೂಲ್ ಆಗಬಹುದು. ಆಫರ್ ಪೋಸ್ಟ್ ಮಾತ್ರ ಅವತ್ತು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಅವರು "ಸರಿ" ಅಂದ ಮೇಲೆಯೇ. ಪಫ್ಸ್ ಖಾಲಿಯಾದ ಮೇಲೆ ಆಫರ್ ಪೋಸ್ಟ್ ಹೋದರೆ ಗಿರಾಕಿ ಬಂದು ಜಗಳ ಮಾಡೋದು ಕೌಂಟರ್ ಹುಡುಗನ ಹತ್ತಿರ!

ಪಾಸ್‌ವರ್ಡ್ ತಗೊಂಡಿಲ್ಲ. ಗೂಗಲ್ ಪ್ರೊಫೈಲ್‌ಗೆ ಅವರೇ ಓನರ್, ನಾನು ಮ್ಯಾನೇಜರ್. ಕೆಲಸ ಬಿಟ್ಟರೆ ಅವರೇ ನನ್ನನ್ನು ತೆಗೆದುಹಾಕಬಹುದು.