ಸ್ಟ್ರೋಬ್ ಪಟ್ಟಿ ತುಂಬಿದ್ದೇವೆ, ರೋಗಿಗಳ ಲೆಕ್ಕ ಕೂಡುತ್ತಿಲ್ಲ

ವಾರ್ಡ್ ಸಿಸ್ಟರ್: ಎರಡು ವಾರ್ಡ್‌ಗಳಲ್ಲಿ ರಕ್ತನಾಳಕ್ಕೆ ಕ್ಯಾನುಲಾ ಹಾಕಿದ ರೋಗಿಗಳನ್ನು ಮೂರು ತಿಂಗಳು ದಿನವೂ ನೋಡಿ, ಆ ರಕ್ತನಾಳದ ಉರಿಯೂತ, ಅಂದರೆ ಫ್ಲೆಬೈಟಿಸ್ ಎಷ್ಟು ಬರುತ್ತದೆ ಎಂದು ಬರೆದಿದ್ದೇವೆ. ಒಪ್ಪಿಗೆ ಕೊಟ್ಟವರು 230, ಕೋಷ್ಟಕದಲ್ಲಿರುವವರು 214, ಕ್ಯಾನುಲಾಗಳು 287, ಫ್ಲೆಬೈಟಿಸ್ 43, ಅಂದರೆ ಶೇ. 20. ಅಧ್ಯಯನದ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಪಟ್ಟಿಯಾದ ಸ್ಟ್ರೋಬ್‌ನ 22 ಅಂಶಗಳಿಗೂ ಪುಟಸಂಖ್ಯೆ ತುಂಬಿದ್ದೇವೆ. ಆದರೂ ‘13ನೆಯ ಅಂಶ ಅಪೂರ್ಣ’ ಎಂದು ಲೇಖನ ವಾಪಸು ಬಂದಿದೆ. ಏನು ತಪ್ಪಾಗಿದೆ ಮೇಡಂ?

ಸಮೀಕ್ಷಕಿ: ಎರಡು ವಿಷಯ ಹೇಳಿ. ಬಿಟ್ಟುಹೋದ 16 ಜನ ಯಾರು? 43 ಎಂದರೆ ರೋಗಿಗಳೋ ಕ್ಯಾನುಲಾಗಳೋ?

ವಾರ್ಡ್ ಸಿಸ್ಟರ್: 24 ಗಂಟೆಯೊಳಗೆ ಕ್ಯಾನುಲಾ ತೆಗೆದವರನ್ನು ಕೈಬಿಟ್ಟೆವು, ಅವರೇ ಆ 16 ಜನ. 43 ಕ್ಯಾನುಲಾಗಳ ಲೆಕ್ಕ. ರೋಗಿಗಳು 38, ಕೆಲವರಿಗೆ ಎರಡು ಸಲ ಬಂದಿತ್ತು.

ಸಂಶೋಧನಾ ಸಹಾಯಕ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಲಹೆಯನ್ನು ಹಾಕುತ್ತಿದ್ದೇನೆ: ‘ಯಾವ ಅಂಶಕ್ಕೂ ಅನ್ವಯಿಸುವುದಿಲ್ಲ ಎಂದು ಬರೆಯಬೇಡಿ, ಲೇಖನ ತಿರಸ್ಕೃತವಾಗುತ್ತದೆ. ಯಾವುದಾದರೂ ಪುಟಸಂಖ್ಯೆ ಹಾಕಿ. ಪಕ್ಷಪಾತದ ಅಂಶಕ್ಕೆ, ಪ್ರಮಾಣೀಕೃತ ಸಾಧನ ಬಳಸಿ ಪಕ್ಷಪಾತವನ್ನು ಕಡಿಮೆ ಮಾಡಲಾಯಿತು ಎಂಬ ವಾಕ್ಯ ಸಾಕು.’

ಸಮೀಕ್ಷಕಿ: ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ. ಪುಟಸಂಖ್ಯೆ ಕಂಡ ಸಮೀಕ್ಷಕರು ಆ ಪುಟ ತೆರೆದು ನೋಡುತ್ತಾರೆ. ಅಲ್ಲಿ ವಿಷಯವಿಲ್ಲದಿದ್ದರೆ ಉಳಿದ 21 ಸಂಖ್ಯೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಅನ್ವಯಿಸದ್ದನ್ನು ಅನ್ವಯಿಸುವುದಿಲ್ಲ ಎಂದೇ ಬರೆಯಿರಿ, ಕಾರಣ ಕೊಡಿ. ಪಕ್ಷಪಾತದ ಆ ವಾಕ್ಯವನ್ನು ನಾನು ಹತ್ತಾರು ಲೇಖನಗಳಲ್ಲಿ ಅಕ್ಷರಶಃ ಓದಿದ್ದೇನೆ. ಪಕ್ಷಪಾತ ಎಲ್ಲಿಂದ ಬರಬಹುದಿತ್ತು ಎಂಬುದನ್ನೇ ಅದು ಹೇಳುವುದಿಲ್ಲ.

ಈಗ ಸಿಸ್ಟರ್ ಅವರ ಲೆಕ್ಕಕ್ಕೆ ಬರುತ್ತೇನೆ. ನನಗೆ ಆತಂಕ ಹುಟ್ಟಿಸಿದ್ದು ಇದೇ.

ನಿಮ್ಮ ಶೇ. 20 ಬಂದದ್ದು 43ನ್ನು 214ರಿಂದ ಭಾಗಿಸಿ. ಮೇಲೆ ಕ್ಯಾನುಲಾ, ಕೆಳಗೆ ರೋಗಿ. ಎರಡೂ ಕಡೆ ಒಂದೇ ಬಗೆಯ ಎಣಿಕೆ ಇರಬೇಕು. ಕ್ಯಾನುಲಾ ಲೆಕ್ಕದಲ್ಲಿ 287ಕ್ಕೆ 43, ಅಂದರೆ ಶೇ. 15. ರೋಗಿಗಳ ಲೆಕ್ಕದಲ್ಲಿ 214ಕ್ಕೆ 38, ಅಂದರೆ ಶೇ. 17.8. ಪಟ್ಟಿಯಲ್ಲಿ ಪುಟಸಂಖ್ಯೆ ತುಂಬಿದ್ದರಿಂದ ಈ ತಪ್ಪು ಹೊರಬರಲಿಲ್ಲ. 13ನೆಯ ಅಂಶ ಕೇಳುವಂತೆ ಪ್ರತಿ ಹಂತದ ಸಂಖ್ಯೆಯನ್ನು ಒಂದರ ಕೆಳಗೆ ಒಂದು ಬರೆದಿದ್ದರೆ ರೋಗಿಗಳ ಸಾಲು ಎಲ್ಲಿ ಮುಗಿಯಿತು, ಕ್ಯಾನುಲಾಗಳ ಸಾಲು ಎಲ್ಲಿ ಶುರುವಾಯಿತು ಎಂದು ನಿಮಗೇ ಕಾಣುತ್ತಿತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆ ಆ 16 ಜನರದು. 24 ಗಂಟೆಯೊಳಗೆ ಕ್ಯಾನುಲಾ ತೆಗೆದದ್ದು ಏಕೆ? ಮನೆಗೆ ಹೋದರೆಂದು ತೆಗೆದದ್ದು ಬೇರೆ, ಕೈ ಕೆಂಪಾಗಿ ನೋಯುತ್ತಿದೆ ಎಂದು ತೆಗೆದದ್ದು ಬೇರೆ. ಎರಡನೆಯದು ನೀವು ಹುಡುಕುತ್ತಿದ್ದ ಫಲಿತಾಂಶವೇ. ಬೇಗ ಬಂತೆಂಬ ಕಾರಣಕ್ಕೆ ಅದನ್ನು ಹೊರಗಿಟ್ಟರೆ ಉಳಿಯುವುದು ತಡೆದುಕೊಂಡ ಕ್ಯಾನುಲಾಗಳು ಮಾತ್ರ, ಹಾಗಾಗಿ ಫ್ಲೆಬೈಟಿಸ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ವಾರ್ಡ್‌ನ ರಿಜಿಸ್ಟರ್ ತೆಗೆದು 16 ಜನರಿಗೂ ಕಾರಣ ಹುಡುಕಿ.

ಎಂಎಸ್ಸಿ ವಿದ್ಯಾರ್ಥಿನಿ: ನನ್ನದು ಹನ್ನೆರಡು ಜನ ನರ್ಸ್‌ಗಳ ಸಂದರ್ಶನ. ಸ್ಟ್ರೋಬ್‌ನ ಸ್ಯಾಂಪಲ್ ಅಂಶದಲ್ಲಿ ಏನು ಬರೆಯಲಿ ಮೇಡಂ?

ಸಮೀಕ್ಷಕಿ: ಸ್ಟ್ರೋಬ್ ನಿಮ್ಮದಲ್ಲ. ಅದು ಕೋಹಾರ್ಟ್, ಕೇಸ್ ಕಂಟ್ರೋಲ್, ಕ್ರಾಸ್ ಸೆಕ್ಷನಲ್ ಅಧ್ಯಯನಗಳಿಗೆ. ಸಂದರ್ಶನದ ಅಧ್ಯಯನಗಳಿಗೆಂದೇ ಇರುವ ಕೊರೆಕ್ ಪಟ್ಟಿ ನೋಡಿ.

ಹಿರಿಯ ಅಧ್ಯಾಪಕರು: ನಾವು ವಿದ್ಯಾರ್ಥಿಗಳ ಲೇಖನಗಳಿಗೆ ಸ್ಟ್ರೋಬ್ ಅಂಕ ಕೊಡುತ್ತೇವೆ. 22ಕ್ಕೆ 18ಕ್ಕಿಂತ ಕಡಿಮೆ ಬಂದರೆ ಅಧ್ಯಯನ ದುರ್ಬಲ. ಇನ್ನು ಈ ಸಿಸ್ಟರ್ ಅವರ ವಿಷಯದಲ್ಲಿ ಪರಿಹಾರ ಸುಲಭ: ಪ್ರತಿ ರೋಗಿಯ ಮೊದಲ ಕ್ಯಾನುಲಾ ಮಾತ್ರ ತೆಗೆದುಕೊಳ್ಳಿ. ಒಬ್ಬರದೇ ಎರಡು ಕ್ಯಾನುಲಾಗಳನ್ನು ಎರಡು ಸ್ವತಂತ್ರ ಘಟನೆಗಳೆಂದು ಎಣಿಸುವಂತಿಲ್ಲ.

ಸಂಶೋಧನಾ ಸಹಾಯಕ: ಮೂರು ತಿಂಗಳು ದಿನವೂ ನೋಡಿದ 73 ಕ್ಯಾನುಲಾಗಳನ್ನು ಎಸೆಯಬೇಕೆ ಸರ್? ರೋಗಿಯೊಳಗಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಸಂಖ್ಯಾಶಾಸ್ತ್ರೀಯ ಮಾದರಿಗಳಿವೆಯಲ್ಲ.

ಹಿರಿಯ ಅಧ್ಯಾಪಕರು: ವಾರ್ಡ್‌ನಲ್ಲಿ ಕೆಲಸ ಮಾಡುವವರಿಗೆ ಆ ಮಾದರಿ ಯಾರು ಮಾಡಿಕೊಡುತ್ತಾರೆ? ನೀವೇ?

ಸಂಶೋಧನಾ ಸಹಾಯಕ: ಕಷ್ಟವೆಂಬ ಕಾರಣಕ್ಕೆ ದತ್ತಾಂಶ ಬಿಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಸರಿಯಲ್ಲ ಸರ್.

ಹಿರಿಯ ಅಧ್ಯಾಪಕರು: ಏನು ಕಲಿಸಬೇಕೆಂದು ನಿಮ್ಮಿಂದ ಕೇಳಬೇಕಾಗಿಲ್ಲ.

ಸಮೀಕ್ಷಕಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಒಬ್ಬರದೇ ಕ್ಯಾನುಲಾಗಳು ಸ್ವತಂತ್ರವಲ್ಲ ಎಂದು ಸರ್ ಹೇಳಿದ್ದು ಸರಿ. ಅದನ್ನು ಕಡೆಗಣಿಸಿದರೆ ಅಂದಾಜು ಎಷ್ಟು ಅನಿಶ್ಚಿತ ಎಂದು ತೋರಿಸುವ ವಿಶ್ವಾಸಾಂತರ ಸಾಮಾನ್ಯವಾಗಿ ಇರಬೇಕಾದುದಕ್ಕಿಂತ ಕಿರಿದಾಗಿ ಬರುತ್ತದೆ. ಮೊದಲ ಕ್ಯಾನುಲಾ ಮಾತ್ರ ತೆಗೆದುಕೊಳ್ಳುವುದು ಒಪ್ಪುವ ದಾರಿ, ಆದರೆ ಮತ್ತೆ ಮತ್ತೆ ಚುಚ್ಚಿಸಿಕೊಂಡವರ ಕಥೆ ಅದರಲ್ಲಿ ಕಳೆದುಹೋಗುತ್ತದೆ. ಯಾವುದನ್ನು ಆರಿಸಿದರೂ ವಿಶ್ಲೇಷಣೆಯ ವಿಧಾನ ಕೇಳುವ 12ನೆಯ ಅಂಶದಲ್ಲಿ ಬರೆಯಿರಿ. ಅಂಕದ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇದು ಏನು ಮಾಡಿದೆವು ಎಂದು ತಿಳಿಸುವುದಕ್ಕಿರುವ ಪಟ್ಟಿ, ಅಧ್ಯಯನದ ಗುಣಮಟ್ಟ ಅಳೆಯುವ ಸಾಧನವಲ್ಲ ಎಂದು ಅದನ್ನು ರೂಪಿಸಿದವರೇ ಹೇಳಿದ್ದಾರೆ. 16 ಜನರನ್ನು ಕೈಬಿಟ್ಟೆವು ಎಂದು ಸ್ಪಷ್ಟವಾಗಿ ಬರೆದರೆ ನಿಮ್ಮ ಎಣಿಕೆಯಲ್ಲಿ ಅಂಕ ಸಿಗುತ್ತದೆ, ಕೈಬಿಟ್ಟ ತಪ್ಪು ಹಾಗೆಯೇ ಉಳಿಯುತ್ತದೆ.

ಹಿರಿಯ ಅಧ್ಯಾಪಕರು: ಇಪ್ಪತ್ತು ವರ್ಷಗಳಿಂದ ಲೇಖನ ತಿದ್ದುತ್ತಿದ್ದೇನೆ. ಅಂಕವಿಲ್ಲದೆ ವಿದ್ಯಾರ್ಥಿಗಳು ಪಟ್ಟಿಯನ್ನು ತೆರೆಯುವುದೂ ಇಲ್ಲ.

ಮತ್ತೊಬ್ಬ ಸದಸ್ಯೆ: ಸ್ಯಾಂಪಲ್ ಗಾತ್ರಕ್ಕೆ ಮೊದಲು ಸೂತ್ರ ಬಳಸಿರಲಿಲ್ಲ. ಈಗ ಲೆಕ್ಕ ಮಾಡಿ ಸೇರಿಸಬಹುದೆ?

ಸಮೀಕ್ಷಕಿ: ಬೇಡ. ಗಾತ್ರ ಹೇಗೆ ನಿರ್ಧಾರವಾಯಿತೋ ಅದನ್ನೇ 10ನೆಯ ಅಂಶ ಕೇಳುತ್ತದೆ. ಮೂರು ತಿಂಗಳಲ್ಲಿ ಸಿಕ್ಕವರೆಲ್ಲರನ್ನೂ ತೆಗೆದುಕೊಂಡಿದ್ದರೆ ಹಾಗೆಯೇ ಬರೆಯಿರಿ.

ಇನ್ನೊಬ್ಬ ಸದಸ್ಯ: ಹಿಂದೆ ಸೂತ್ರ ಬಳಸದಿದ್ದರೆ ಈಗ ಸೇರಿಸಬಹುದೆ ಮೇಡಂ?

ಸಮೀಕ್ಷಕಿ: ಮೇಲೆ ಓದಿ.

ಎಂಎಸ್ಸಿ ವಿದ್ಯಾರ್ಥಿನಿ: ಈ ಪಟ್ಟಿಯನ್ನು ಲೇಖನದ ಒಳಗೇ ಹಾಕಬೇಕೆ, ಬೇರೆ ಕಡತವಾಗಿ ಕಳುಹಿಸಬೇಕೆ?

ವಾರ್ಡ್ ಸಿಸ್ಟರ್: ರಿಜಿಸ್ಟರ್ ನೋಡಿದೆ ಮೇಡಂ. 16ರಲ್ಲಿ 9 ಜನ ಬಿಡುಗಡೆಯಾದವರು. ಉಳಿದ 7 ಜನರಿಗೆ ನೋವು ಮತ್ತು ಕೆಂಪು ಎರಡೂ ಇದ್ದು, ಫ್ಲೆಬೈಟಿಸ್ ಗುರುತಿಸಲು ನಾವು ಬಳಸುವ ವಿಐಪಿ ಮಾಪನದಲ್ಲಿ 2 ಎಂದು ಗುರುತಾಗಿದೆ. ನಮ್ಮ ವ್ಯಾಖ್ಯೆಯ ಪ್ರಕಾರ 2 ಬಂದರೆ ಫ್ಲೆಬೈಟಿಸ್. ನಾವೇ ಅದನ್ನು ಹೊರಗೆ ಹಾಕಿದ್ದೇವೆ.

ಸಮೀಕ್ಷಕಿ: ರಿಜಿಸ್ಟರ್ ಇಟ್ಟಿದ್ದರಿಂದ ಇದು ಸಿಕ್ಕಿತು. 16 ಜನರನ್ನೂ ಮತ್ತೆ ಸೇರಿಸಿ. ರೋಗಿಗಳ ಲೆಕ್ಕ 230ಕ್ಕೆ 45, ಅಂದರೆ ಶೇ. 19.6. ಇದು ನಿಮ್ಮ ಹಳೆಯ ಶೇ. 20ರ ಹತ್ತಿರ ಬಂದದ್ದು ಆಕಸ್ಮಿಕ. ಅದನ್ನು ನೋಡಿ ಮೊದಲಿನ ಲೆಕ್ಕವೂ ಸರಿಯಿತ್ತು ಎಂದುಕೊಳ್ಳಬೇಡಿ. ಬಿಡುಗಡೆಯಾದ 9 ಜನರನ್ನು ನೋಡಿದ್ದು ಒಂದು ದಿನಕ್ಕಿಂತ ಕಡಿಮೆ. ಅವರನ್ನೂ ಐದು ದಿನ ಕ್ಯಾನುಲಾ ಇದ್ದವರನ್ನೂ ಒಂದೇ ತೂಕದಲ್ಲಿ ಇಡಲಾಗದು. ಆದ್ದರಿಂದ ಸಾವಿರ ಕ್ಯಾನುಲಾ ದಿನಗಳಿಗೆ ಎಷ್ಟು ಎಂಬ ದರವನ್ನೂ ಕೊಡಿ. ಹಾಕಿದ ಮತ್ತು ತೆಗೆದ ಸಮಯ ನಿಮ್ಮ ಬಳಿ ಇರಬೇಕು. ಮೊದಲು ಕೈಬಿಟ್ಟಿದ್ದೆವು, ಆಮೇಲೆ ಸೇರಿಸಿದೆವು ಎಂಬುದನ್ನು ಸಂಪಾದಕರಿಗೆ ಬರೆಯುವ ಉತ್ತರದಲ್ಲಿ ಮುಚ್ಚಿಡಬೇಡಿ. 230 ಜನ ಒಪ್ಪುವ ಮೊದಲು ಎಷ್ಟು ಮಂದಿಯನ್ನು ಕೇಳಿದಿರಿ?

ವಾರ್ಡ್ ಸಿಸ್ಟರ್: ಬೇಡ ಎಂದವರನ್ನು ಬರೆದಿಟ್ಟುಕೊಂಡಿಲ್ಲ. ಸುಮಾರು 250 ಎಂದು ಹಾಕಲೇ?

ಸಮೀಕ್ಷಕಿ: ಸುಮಾರು ಎಂಬ ಸಂಖ್ಯೆಯನ್ನು ಹಾಕಬೇಡಿ. ದಾಖಲಿಸಿಲ್ಲ ಎಂದು 13ರಲ್ಲಿ ಹೇಳಿ. ಒಪ್ಪದವರು ಹೆಚ್ಚು ಅಸ್ವಸ್ಥರಾಗಿದ್ದಿರಬಹುದು ಎಂಬುದನ್ನು 19ರಲ್ಲಿ, ಇತಿಮಿತಿಗಳಡಿ ಬರೆಯಿರಿ.

ಸಂಶೋಧನಾ ಸಹಾಯಕ: ಹಾಗಾದರೆ ಮತ್ತೆ ತಿರಸ್ಕರಿಸುವುದಿಲ್ಲವೆ?

ಸಮೀಕ್ಷಕಿ: ತಿರಸ್ಕರಿಸಬಹುದು.

ವಾರ್ಡ್ ಸಿಸ್ಟರ್: ಕ್ಯಾನುಲಾ ಹಾಕಿದ ಸಮಯ ಎಲ್ಲರದೂ ಇದೆ ಮೇಡಂ. ತೆಗೆದ ಸಮಯ 11 ಕ್ಯಾನುಲಾಗಳಿಗೆ ಇಲ್ಲ, ದಿನಾಂಕ ಮಾತ್ರ ಇದೆ.

ಸಮೀಕ್ಷಕಿ: ಆ 11ನ್ನು ಹೇಗೆ ಲೆಕ್ಕ ಹಿಡಿದಿರಿ ಎಂದು 12ರಲ್ಲಿ ಬರೆಯಿರಿ, ಸಂಖ್ಯೆಯನ್ನು 14ರಲ್ಲಿ ಕೊಡಿ. ಆಮೇಲೆ ಪುಟಸಂಖ್ಯೆ ಹಾಕಿ.