ಐವತ್ತೆಂಟು ಲಕ್ಷದ ಫ್ಲ್ಯಾಟ್‌ಗೆ ಅರವತ್ತೆರಡು ಲಕ್ಷದ ಮೇಲೆ ಶುಲ್ಕ ಏಕೆ?

ಪ್ರಶ್ನೆ: ಮಂಗಳೂರಿನ ಬಿಜೈಯಲ್ಲಿ ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಳ್ಳುತ್ತಿದ್ದೇನೆ, ಇದೇ ಮೊದಲು. ಬೆಲೆ 58 ಲಕ್ಷ. ಕ್ರಯಪತ್ರದ ಕರಡಿನಲ್ಲಿ ಮುದ್ರಾಂಕ ಮತ್ತು ನೋಂದಣಿ ಶುಲ್ಕವನ್ನು 62 ಲಕ್ಷದ ಮೇಲೆ ಹಾಕಿದ್ದಾರೆ, ಒಟ್ಟು 4,71,200 ರೂಪಾಯಿ. ಮೋಸವೇ? ಅನುಭವ ಇದ್ದವರು ಹೇಳಿ.

ಕಾವೂರಿನವರು: ಹೌದು, ಹೆಚ್ಚಾಗಿದೆ. ನಾನು ಕಟ್ಟಿದ್ದು ಒಟ್ಟು ಶೇ 6.6. ನಿಮ್ಮ 58 ಲಕ್ಷಕ್ಕೆ 3,82,800 ಸಾಕು. ಪತ್ನಿಯ ಹೆಸರಿಗೆ ಮಾಡಿಸಿದರೆ ಇನ್ನೂ ಕಡಿಮೆಯಾಗುತ್ತದೆ.

ಕ್ರಯಪತ್ರ ಬರೆಯುವವರು: ಮಾರಾಯರೇ, ನೀವು ಕಟ್ಟಿದ್ದು 2025ರ ಆಗಸ್ಟ್ 31ಕ್ಕೆ ಮೊದಲು. ಆಗ ನೋಂದಣಿ ಶುಲ್ಕ ಶೇ 1 ಇತ್ತು, ಆ ದಿನದಿಂದ ಶೇ 2. ಪತ್ನಿಯ ಹೆಸರಿನ ರಿಯಾಯಿತಿ ಬೇರೆ ಕೆಲವು ರಾಜ್ಯಗಳದು, ಕರ್ನಾಟಕದಲ್ಲಿಲ್ಲ.

ಕೇಳಿದವರಿಗೆ: ನೀವು ಕೊಟ್ಟ ಬೆಲೆ, ಸರ್ಕಾರ ಆ ಪ್ರದೇಶಕ್ಕೆ ಗೊತ್ತುಮಾಡಿದ ದರದಂತೆ ಬರುವ ಮಾರ್ಗಸೂಚಿ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ನಿಮ್ಮ ಫ್ಲ್ಯಾಟಿನ ಮಾರ್ಗಸೂಚಿ ಮೌಲ್ಯ 62 ಲಕ್ಷ ಬಂದಿರಬೇಕು. ಮುದ್ರಾಂಕ ಶುಲ್ಕ ಶೇ 5 ಎಂದರೆ 3,10,000. ಅದರ ಮೇಲೆ ಶೇ 10 ಸೆಸ್ 31,000, ನಗರವಾದ್ದರಿಂದ ಶೇ 2 ಅಧಿಭಾರ 6,200. ಈ ಎರಡೂ ಬೀಳುವುದು ಮುದ್ರಾಂಕ ಶುಲ್ಕದ ಮೇಲೆ, ಫ್ಲ್ಯಾಟಿನ ಬೆಲೆಯ ಮೇಲಲ್ಲ. ಕೊನೆಗೆ ನೋಂದಣಿ ಶುಲ್ಕ 1,24,000. ಕೂಡಿಸಿ ನೋಡಿ, ನಿಮ್ಮ ಮೊತ್ತವೇ ಬರುತ್ತದೆ. 58 ಲಕ್ಷದ ಮೇಲೆ ಹಾಕಿದ್ದರೆ 4,40,800 ಆಗುತ್ತಿತ್ತು. ವ್ಯತ್ಯಾಸ 30,400.

ಮೋಸಕ್ಕಿಂತ ತಪ್ಪು ನಡೆಯುವುದು ವಿಸ್ತೀರ್ಣದಲ್ಲಿ. ಮಾರ್ಗಸೂಚಿ ದರ ಸಾಮಾನ್ಯವಾಗಿ ಚದರ ಮೀಟರಿಗೆ, ಬಿಲ್ಡರ್ ಹೇಳುವುದು ಚದರ ಅಡಿಯಲ್ಲಿ. ಚದರ ಅಡಿಯನ್ನು 10.76ರಿಂದ ಭಾಗಿಸಿ, ಕರಡಿನ ಅಂಕಿಗೆ ಹೊಂದುತ್ತದೆಯೇ ನೋಡಿ. ಕಾರು ನಿಲ್ಲಿಸುವ ಜಾಗವನ್ನು ಎರಡು ಸಲ ಸೇರಿಸಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ಹಣ ಕಟ್ಟಿದ ಮೇಲೆ ತಿದ್ದಿಸುವುದು ತಲೆನೋವು.

ಮಣಿಪಾಲದ ನಿವೃತ್ತ ಶಿಕ್ಷಕಿ: ನನ್ನದು ಬೇರೆ ಕತೆ. ಉಡುಪಿಯಲ್ಲಿ 40 ಲಕ್ಷದ ಫ್ಲ್ಯಾಟ್ ಕೊಂಡೆ. 45 ಲಕ್ಷದೊಳಗೆ ಮುದ್ರಾಂಕ ಶುಲ್ಕ ಶೇ 3 ಎಂದು ಯಾರೋ ಹೇಳಿದ್ದನ್ನು ನಂಬಿ, ಸೆಸ್, ಅಧಿಭಾರ ಸೇರಿಸಿ, ನೋಂದಣಿ ಶುಲ್ಕ ಬಿಟ್ಟು 1,34,400 ತೆಗೆದಿಟ್ಟಿದ್ದೆ. ಕೊನೆಯ ವಾರ ತಿಳಿಯಿತು, ಆ ರಿಯಾಯಿತಿ ಬಿಲ್ಡರ್‌ನಿಂದ ಆಗುವ ಮೊದಲ ಮಾರಾಟಕ್ಕೆ ಮಾತ್ರ. ನನಗೆ ಮಾರಿದವರು ಅದನ್ನು ಮೊದಲೇ ಕೊಂಡಿದ್ದವರು. ಬಿದ್ದದ್ದು 2,24,000! ಬ್ಯಾಂಕು ಇದಕ್ಕೆ ಸಾಲ ಕೊಡಲಿಲ್ಲ, ತಮ್ಮನ ಕೈಯಿಂದ ತಂದೆ.

ಸುರತ್ಕಲ್‌ನವರು: ಜಿಎಸ್‌ಟಿಯೂ ಇದರಲ್ಲೇ ಸೇರಿದೆಯೇ?

ಕ್ರಯಪತ್ರ ಬರೆಯುವವರು: ಇಲ್ಲ, ಅದು ಬೇರೆಯೇ.

ಪ್ರಶ್ನೆ ಕೇಳಿದವರು: ವಿಸ್ತೀರ್ಣ ಸರಿಯಾಗಿದೆ. ಆದರೆ ನಿಜವಾಗಿ ಕೊಟ್ಟದ್ದೇ 58 ಆದಾಗ ಮಾರ್ಗಸೂಚಿ ದರವನ್ನು ಪ್ರಶ್ನಿಸಬಹುದೇ?

ಕ್ರಯಪತ್ರ ಬರೆಯುವವರು: ಬಹುದು. ಮುದ್ರಾಂಕ ಕಾಯ್ದೆಯ 45ಎ ಪ್ರಕಾರ ವಿಷಯ ಮೇಲಧಿಕಾರಿಗೆ ಹೋಗುತ್ತದೆ. 30,400 ರೂಪಾಯಿಗಾಗಿ ಕ್ರಯಪತ್ರವನ್ನು ಅಲ್ಲಿ ಸಿಕ್ಕಿಸಿಕೊಳ್ಳಿ ಎಂದು ನಾನಂತೂ ಹೇಳುವುದಿಲ್ಲ.

ಕಾವೂರಿನವರು: ನಾನಾದರೆ ಬಿಡುವುದಿಲ್ಲ.