ಅಪ್‌ಡೇಟ್: ಬಾಕಿ ಹಣದ ಚಾಟ್‌ನಲ್ಲಿ ಒಪ್ಪಿದ್ದು ಇಷ್ಟೇ

ನನ್ನ ಪ್ರಶ್ನೆ: "ಪುಣೆಯ ಭೋಸರಿಯಲ್ಲಿ ರಟ್ಟಿನ ಡಬ್ಬಗಳ ಸಣ್ಣ ವ್ಯಾಪಾರ ನಮ್ಮದು. ಬಾಕಿ ಹಣಕ್ಕಾಗಿ ಗಿರಾಕಿ ಜೊತೆ ವಾಟ್ಸಾಪ್‌ನಲ್ಲಿ ಉದ್ದ ಜಗಳ. ಕೊನೆಗೆ ಒಪ್ಪಿದ್ದೇನು ಅಂತ ಹೇಗೆ ಬರೆಯಲಿ?"

ನೀವು ಹೇಳಿದ ಹಾಗೆ ಚಾಟನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಒಬ್ಬರು ಹೇಳಿ ಇನ್ನೊಬ್ಬರು ಹೂಂ ಅಂದದ್ದನ್ನು ಮಾತ್ರ ಹಿಡಿದೆ.

ಮೊತ್ತ ಸುಲಭ. ಬಿಲ್ಲು 48,500. ಒದ್ದೆಯಾದ ಡಬ್ಬಗಳಿಗೆ 3,500 ಬಿಡಲು ನಾನೇ ಒಪ್ಪಿದ್ದೆ, 20,000 ಮೊದಲೇ ಬಂದಿತ್ತು. ಉಳಿದದ್ದು 25,000.

ತಾರೀಖೇ ತಲೆನೋವು. ನಾನು "5ಕ್ಕೆ ಕೊಡಿ" ಅಂದಾಗ ಅವರು ಹೆಬ್ಬೆರಳಿನ ಇಮೋಜಿ ಒತ್ತಿದ್ದರು. ನೋಡಿದೆ ಅಂತಲೋ, ಕೊಡ್ತೀನಿ ಅಂತಲೋ, ಯಾರಿಗೆ ಗೊತ್ತು! ಆಮೇಲೆ "10ಕ್ಕೆ ಖಂಡಿತ ಹಾಕ್ತೀನಿ" ಅಂದರು, ನಾನು "ಸರಿ" ಅಂದೆ. ಹಾಗಾಗಿ 10 ಅಂತಲೇ ಬರೆದೆ.

"ಚೆಕ್ ಕೊಡ್ಲಾ?" ಅಂತ ಕೇಳಿದ್ದರು, ನಾನು ಉತ್ತರಿಸಿರಲಿಲ್ಲ. ಅದು ಒಪ್ಪಿಗೆ ಅಲ್ಲ ಅಲ್ವಾ? ಚೆಕ್ 10ಕ್ಕೆ ಕೈಗೆ ಬಂದರೂ ಹಣ ಖಾತೆಗೆ ಬರುವುದು ಪಾಸಾದ ಮೇಲೆ. ಅದನ್ನು ಪ್ರಶ್ನೆಯಾಗಿಯೇ ಇಟ್ಟೆ.

ಕಳಿಸಿದ್ದು ಇಷ್ಟು: "ಬಾಕಿ ₹25,000, ಇದೇ 10ರೊಳಗೆ. ಹೇಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಎನ್‌ಇಎಫ್‌ಟಿ ಮಾಡ್ತೀರಾ? ಸರಿ ಇದ್ದರೆ ಬರೆದು ತಿಳಿಸಿ."

"ಎಲ್ಲಾ ಸರಿ, ಎನ್‌ಇಎಫ್‌ಟಿ ಮಾಡ್ತೀನಿ" ಅಂತ ಉತ್ತರ ಬಂತು. ಹಣ ಇನ್ನೂ ಬರಬೇಕು.